ಬೇಕು, ಬಹುದು, ಕೂಡದು: ಆಟದ ನಿಯಮಹಾಳೆಗೆ ಕನ್ನಡ

ಊರಿಗೆ ಬರುವ ನೆಂಟರು ಮಕ್ಕಳಿಗೆಂದು ತರುವ ಆಟದ ಪೆಟ್ಟಿಗೆಗಳಲ್ಲಿ ನಿಯಮಹಾಳೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದರ ಚಿತ್ರವನ್ನು ಫೋನಿನಲ್ಲಿ ತೆಗೆದು, ದೂರದಲ್ಲಿ ಓದುತ್ತಿರುವ ಅಕ್ಕನಿಗೋ ಅಣ್ಣನಿಗೋ ಕಳುಹಿಸಿ ಕನ್ನಡದಲ್ಲಿ ಬರೆಸಿಕೊಳ್ಳುವ ಮನೆಗಳಿವೆ. ಹಾಗೆ ಬರೆದ ಹಾಳೆ ಅಜ್ಜಿಯಿಂದ ಮೊದಲ್ಗೊಂಡು ಒಂದನೆಯ ತರಗತಿಯ ಮೊಮ್ಮಗನವರೆಗೆ ಎಲ್ಲರನ್ನೂ ಒಂದು ಚಾಪೆಯ ಮೇಲೆ ಕೂರಿಸಬೇಕಾದರೆ ಪದಗಳಷ್ಟೇ ಕನ್ನಡವಾದರೆ ಸಾಲದು, ನಿಯಮವೂ ಕನ್ನಡವಾಗಬೇಕು.

ಇದಕ್ಕೆ ಕ್ವರ್ಕಲ್ ಎಂಬ ಆಟ ಒಳ್ಳೆಯ ಉದಾಹರಣೆ. ಅಮೆರಿಕದ ಸೂಸನ್ ಮೆಕಿನ್ಲಿ ರಾಸ್ ರೂಪಿಸಿದ ಈ ಆಟ 2006ರಲ್ಲಿ ಹೊರಬಂದಿತು; 2011ರಲ್ಲಿ ಜರ್ಮನಿಯಲ್ಲಿ ವರ್ಷದ ಆಟವೆಂಬ ಪ್ರಶಸ್ತಿ ಪಡೆಯಿತು. ಪೆಟ್ಟಿಗೆಯಲ್ಲಿ 108 ಮರದ ಬಿಲ್ಲೆಗಳೂ ಒಂದು ಚೀಲವೂ ಇರುತ್ತವೆ. ಬಿಲ್ಲೆಗಳ ಮೇಲೆ ಅಕ್ಷರವಿಲ್ಲ, ಅಂಕಿಯಿಲ್ಲ. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ ಎಂಬ ಆರು ಬಣ್ಣಗಳು. ವೃತ್ತ, ಚೌಕ, ಓರೆ ಚೌಕ, ನಾಲ್ಕೆಸಳ ಹೂವು, ನಾಲ್ಕು ಮೊನೆಯ ನಕ್ಷತ್ರ, ಎಂಟು ಮೊನೆಯ ನಕ್ಷತ್ರ ಎಂಬ ಆರು ಆಕಾರಗಳು. ಹೀಗೆ 36 ಬಗೆ, ಪ್ರತಿ ಬಗೆಯಲ್ಲಿ ಮೂರು ಬಿಲ್ಲೆ. ಆದುದರಿಂದ ಕನ್ನಡವಾಗಬೇಕಾದದ್ದು ನಿಯಮಹಾಳೆ ಒಂದೇ.

ಮೊದಲು ಚಿತ್ರದ ವಿಚಾರ. ಹಾಳೆಯ ಮಡಿಕೆಗಳನ್ನು ಒತ್ತಿ ಚಪ್ಪಟೆಯಾಗಿಸಿ, ಹಗಲು ಬೆಳಕಿನಲ್ಲಿ ಮೇಲಿನಿಂದ ನೇರವಾಗಿ ತೆಗೆಯಬೇಕು. ಹಳದಿ ಬಲ್ಬಿನ ಕೆಳಗೆ ತೆಗೆದ ಚಿತ್ರದಲ್ಲಿ ಕೆಂಪೂ ಕಿತ್ತಳೆಯೂ ಒಂದೇ ಆಗಿ ಕಂಡು, ಹಾಳೆಯಲ್ಲಿರುವ ಉದಾಹರಣೆಗಳು ತಪ್ಪೆಂಬಂತೆ ತೋರುತ್ತವೆ. ಆರು ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದ ಇನ್ನೊಂದು ಚಿತ್ರವನ್ನು ಜೊತೆಗೆ ಕಳುಹಿಸಿದರೆ ಬರೆಯುವವರಿಗೆ ಗೊಂದಲವಿರದು.

ಬರೆಯುವಾಗ ಮೊದಲು ಎಡವುವುದು ಕ್ರಿಯಾಪದಗಳಲ್ಲಿ. ‘ಡ್ರಾ’ ಎಂಬುದಕ್ಕೆ ನಿಘಂಟಿನಲ್ಲಿ ಚಿತ್ರ ಬರೆ, ಎಳೆ, ಸಮವಾಗು ಎಂಬ ಅರ್ಥಗಳೆಲ್ಲ ಇವೆ. ಇಲ್ಲಿ ಅದು ನೋಡದೆ ಚೀಲದಿಂದ ತೆಗೆದುಕೊಳ್ಳುವುದು. ‘ಟರ್ನ್’ ತಿರುವಲ್ಲ, ಸರದಿ. ‘ಟ್ರೇಡ್’ ವ್ಯಾಪಾರವಲ್ಲ, ಬೇಡದ ಬಿಲ್ಲೆ ಕೊಟ್ಟು ಬೇರೆ ಪಡೆಯುವುದು. ಬಿಲ್ಲೆಯನ್ನು ‘ಆಡುವುದು’ ಎಂದು ಬರೆದರೆ ಅಜ್ಜಿಗೆ ತಿಳಿಯದು, ‘ಇಡುವುದು’ ಎಂದರೆ ತಿಳಿಯುತ್ತದೆ. ಕಾಸರಗೋಡಿನ ಮನೆಗಳಲ್ಲಿ ಚೆನ್ನೆಮಣೆಯ ಹದಿನಾಲ್ಕು ಗುಳಿಗಳ ಸುತ್ತ ಕುಳಿತವರಿಗೆ ಸರದಿ, ತೆಗೆ, ಹಾಕು ಎಂಬ ಮಾತುಗಳು ಹೊಸವಲ್ಲ.

ಇದಕ್ಕಿಂತ ದೊಡ್ಡ ತೊಡಕು ಪುಟ್ಟ ಪ್ರತ್ಯಯಗಳದು. ಕ್ವರ್ಕಲ್ಲಿನ ಮೂಲ ನಿಯಮ ಇದು: ಒಂದು ಸಾಲಿನ ಬಿಲ್ಲೆಗಳೆಲ್ಲ ಬಣ್ಣದಲ್ಲೋ ಆಕಾರದಲ್ಲೋ ಹೊಂದಬೇಕು. ‘ಬಣ್ಣದಲ್ಲೂ ಆಕಾರದಲ್ಲೂ’ ಎಂದು ಬರೆದುಬಿಟ್ಟರೆ, ಓಕಾರವಿದ್ದಲ್ಲಿ ಊಕಾರ ಬಂದ ಅಷ್ಟಕ್ಕೇ ಆಟ ನಿಂತುಹೋಗುತ್ತದೆ. ಎರಡರಲ್ಲೂ ಹೊಂದುವುದು ಅದೇ ಬಗೆಯ ಬಿಲ್ಲೆ ಮಾತ್ರ. ಒಂದೇ ಬಗೆಯ ಬಿಲ್ಲೆ ಒಂದು ಸಾಲಿನಲ್ಲಿ ಎರಡು ಸಲ ಬರಕೂಡದೆಂದು ಇನ್ನೊಂದು ನಿಯಮ ಹೇಳುತ್ತದೆ. ಆಗ ಯಾರೂ ಯಾವ ಬಿಲ್ಲೆಯನ್ನೂ ಇಡಲಾರರು. ಮೊದಲ ಸುತ್ತಿನಲ್ಲೇ ಎಲ್ಲರೂ ಕೈಕಟ್ಟಿ ಕುಳಿತರೆ ಈ ವಾಕ್ಯವನ್ನು ತಿರುಗಿ ನೋಡಬೇಕು.

ಕಡ್ಡಾಯವಾದುದಕ್ಕೆ ‘ಬೇಕು’, ಆಯ್ಕೆಗೆ ಬಿಟ್ಟುದಕ್ಕೆ ‘ಬಹುದು’, ನಿಷಿದ್ಧವಾದುದಕ್ಕೆ ‘ಕೂಡದು’ ಎಂದು ಮೊದಲೇ ನಿಶ್ಚಯಿಸಿಕೊಂಡು, ಪ್ರತಿ ವಾಕ್ಯವನ್ನೂ ಈ ಮೂರರಲ್ಲೊಂದರಿಂದ ಮುಗಿಸಿದರೆ ಜಗಳಕ್ಕೆ ಎಡೆಯಿರದು. ಹಾಗೆ ಬರೆದ ಹಾಳೆ ಹೀಗಿರುತ್ತದೆ.

ಸಿದ್ಧತೆ: ಇಬ್ಬರಿಂದ ನಾಲ್ವರವರೆಗೆ ಆಡಬಹುದು. ಎಲ್ಲ ಬಿಲ್ಲೆಗಳನ್ನೂ ಚೀಲಕ್ಕೆ ಹಾಕಬೇಕು. ಪ್ರತಿಯೊಬ್ಬರೂ ನೋಡದೆ ಆರು ಬಿಲ್ಲೆ ತೆಗೆದುಕೊಂಡು, ಚಿತ್ರದ ಮುಖ ತಮ್ಮ ಕಡೆಗಿರುವಂತೆ ನಿಲ್ಲಿಸಿಕೊಳ್ಳಬೇಕು. ಇತರರಿಗೆ ತೋರಿಸಕೂಡದು. ತಮ್ಮಲ್ಲಿ ಒಂದೇ ಬಣ್ಣದ ಅಥವಾ ಒಂದೇ ಆಕಾರದ ಬಿಲ್ಲೆಗಳು ಹೆಚ್ಚೆಂದರೆ ಎಷ್ಟಿವೆಯೆಂದು ಪ್ರತಿಯೊಬ್ಬರೂ ಹೇಳಬೇಕು; ಒಂದೇ ಬಗೆಯ ಎರಡಿದ್ದರೆ ಒಂದೆಂದೇ ಎಣಿಸಬೇಕು. ಹೆಚ್ಚು ಇರುವವರು ಆ ಬಿಲ್ಲೆಗಳನ್ನು ಸಾಲಾಗಿ ಇಟ್ಟು ಆಟ ಆರಂಭಿಸಬೇಕು. ಸಮವಾದರೆ ಹಿರಿಯರಿಗೆ ಮೊದಲ ಸರದಿ.

ಸರದಿ: ಸರದಿ ಬಂದವರು ಒಂದೋ ಹೆಚ್ಚೋ ಬಿಲ್ಲೆಗಳನ್ನು ಇಡಬಹುದು, ಇಲ್ಲವೆ ಬಿಲ್ಲೆ ಬದಲಾಯಿಸಿಕೊಳ್ಳಬಹುದು. ಎರಡನ್ನೂ ಮಾಡಕೂಡದು. ಒಂದು ಸರದಿಯಲ್ಲಿ ಇಡುವ ಬಿಲ್ಲೆಗಳೆಲ್ಲ ಒಂದೇ ಸಾಲಿನಲ್ಲಿರಬೇಕು, ಹಿಂದೆ ಇಟ್ಟವುಗಳಿಗೆ ತಾಗಿ ಬೆಳೆಯಬೇಕು. ಇಟ್ಟಾದ ಮೇಲೆ ಚೀಲದಿಂದ ತೆಗೆದು ಮತ್ತೆ ಆರು ಮಾಡಿಕೊಳ್ಳಬೇಕು. ಬದಲಾಯಿಸುವವರು ಬೇಡದವನ್ನು ಪಕ್ಕಕ್ಕಿಟ್ಟು, ಅಷ್ಟೇ ಹೊಸವನ್ನು ತೆಗೆದುಕೊಂಡು, ಆಮೇಲೆ ಹಳೆಯವನ್ನು ಚೀಲಕ್ಕೆ ಹಾಕಬೇಕು. ಈ ಕ್ರಮ ತಲೆಕೆಳಗಾದರೆ ಬಿಟ್ಟ ಬಿಲ್ಲೆಯೇ ಕೈಗೆ ಬಂದೀತು.

ಅಂಕ: ಇಟ್ಟ ಬಿಲ್ಲೆಯಿಂದ ಉಂಟಾದ ಅಥವಾ ಬೆಳೆದ ಸಾಲಿನ ಪ್ರತಿ ಬಿಲ್ಲೆಗೂ ಒಂದು ಅಂಕ. ಆರೂ ತುಂಬಿದ ಸಾಲಿಗೆ ಇನ್ನೂ ಆರು ಸೇರಿ ಹನ್ನೆರಡು. ಚೀಲ ಬರಿದಾದ ಮೇಲೆ ಕೈಯಲ್ಲಿದ್ದ ಬಿಲ್ಲೆಗಳಿಂದಲೇ ಆಡಬೇಕು. ಮೊದಲು ಮುಗಿಸಿದವರಿಗೆ ಆರು ಅಂಕ, ಅಲ್ಲಿಗೆ ಆಟ ಮುಕ್ತಾಯ. ಹೆಚ್ಚು ಅಂಕ ಪಡೆದವರು ಗೆದ್ದಂತೆ.

ಇಲ್ಲಿ ‘ಸಾಲು’ ಎಂಬ ಮಾತಿಗೆ ಒಂದು ಎಚ್ಚರಿಕೆ ಬೇಕು. ಕನ್ನಡದಲ್ಲಿ ಸಾಲೆಂದರೆ ಪುಸ್ತಕದ ಸಾಲಿನಂತೆ ಅಡ್ಡವಾದುದೇ ಮೊದಲು ಮನಸ್ಸಿಗೆ ಬರುತ್ತದೆ. ಆಟದಲ್ಲಿ ಅಡ್ಡಸಾಲೂ ಉದ್ದಸಾಲೂ ಎರಡೂ ಸಾಲೇ. ಕರ್ಣವಾಗಿ ಎದುರಾದ ಬಿಲ್ಲೆಗಳು ಸಾಲಲ್ಲ. ಇಷ್ಟನ್ನೂ ಹಾಳೆಯಲ್ಲಿ ಬರೆಯಬೇಕು.

ಅನುವಾದ ಸರಿಯಾಗಿದೆಯೇ ಎಂದು ತಿಳಿಯಲು ಮೂರು ಸರದಿಗಳ ಲೆಕ್ಕ ಸಾಕು. ಅಜ್ಜಿ ಕೆಂಪು ಚೌಕ, ಕೆಂಪು ವೃತ್ತ, ಕೆಂಪು ಹೂವುಗಳನ್ನು ಎಡದಿಂದ ಬಲಕ್ಕೆ ಅಡ್ಡವಾಗಿ ಇಟ್ಟರೆನ್ನೋಣ: ಮೂರು ಅಂಕ. ತಂದೆ ಕೆಂಪು ವೃತ್ತದ ಕೆಳಗೆ ನೀಲಿ ವೃತ್ತವನ್ನಿಟ್ಟರು: ಎರಡು ವೃತ್ತಗಳ ಉದ್ದಸಾಲು, ಎರಡು ಅಂಕ. ಮಗಳು ನೀಲಿ ವೃತ್ತದ ಬಲಕ್ಕೆ, ಕೆಂಪು ಹೂವಿನ ಕೆಳಗೆ, ನೀಲಿ ಹೂವನ್ನಿಟ್ಟಳು. ಅಡ್ಡಕ್ಕೆ ನೋಡಿದರೆ ಬಣ್ಣ ಹೊಂದುತ್ತದೆ, ಉದ್ದಕ್ಕೆ ನೋಡಿದರೆ ಆಕಾರ ಹೊಂದುತ್ತದೆ. ಅಡ್ಡಸಾಲಿಗೆ ಎರಡು, ಉದ್ದಸಾಲಿಗೆ ಎರಡು. ಒಂದೇ ಬಿಲ್ಲೆಗೆ ನಾಲ್ಕು ಅಂಕ.

ಇಂಗ್ಲಿಷ್ ಹಾಳೆಯನ್ನು ನೋಡದ ಒಬ್ಬರಿಗೆ ಕನ್ನಡದ ಹಾಳೆಯನ್ನಷ್ಟೇ ಕೊಟ್ಟು ಈ ಲೆಕ್ಕ ಮಾಡಿಸಬೇಕು. ಮಗಳಿಗೆ ನಾಲ್ಕರ ಬದಲು ಎರಡೇ ಅಂಕವೆಂದು ಅವರು ಹೇಳಿದರೆ ‘ಸಾಲು’ ಸರಿಯಾಗಿ ವಿವರಿಸಲ್ಪಟ್ಟಿಲ್ಲ. ನೀಲಿ ಹೂವನ್ನು ಅಲ್ಲಿ ಇಡಲಾಗದೆಂದರೆ ‘ಓ’ ಇದ್ದಲ್ಲಿ ‘ಊ’ ಹೊಕ್ಕಿದೆ. ಮೂರು ಬಿಲ್ಲೆಗಳನ್ನು ಮೂರು ದಿಕ್ಕಿಗೆ ಇಟ್ಟರೆ ‘ಒಂದೇ ಸಾಲಿನಲ್ಲಿ’ ಎಂಬ ಮಾತು ಬಿಟ್ಟುಹೋಗಿದೆ. ತಿದ್ದಿದ ಹಾಳೆಯನ್ನು ಮಗುವಿನ ದುಂಡಕ್ಷರದಲ್ಲಿ ನಕಲು ಮಾಡಿಸಿ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಬಹುದು.