ಒಂದು ವರ್ಷವಾ, ನಾಲ್ಕು ತಿಂಗಳು ಹತ್ತು ದಿನವಾ?

ಮನೆಯ ಯಜಮಾನ ತೀರಿಹೋಗಿ, ಮಯ್ಯಿತ್ ದಫನ್ ಮುಗಿಸಿ ಬಂದ ಮೇಲೆ ಮನೆಯೊಳಗೆ ಮೊದಲು ಏಳುವ ಪ್ರಶ್ನೆ ಪತ್ನಿಯ ಇದ್ದಃದ್ದು. ಇತ್ತೀಚೆಗೆ ಅಂಥದ್ದೊಂದು ಮನೆಯ ಹುಡುಗ ನಮ್ಮ ಹತ್ತಿರ ಬಂದ. ಕುರ್‌ಆನಿನ ಕನ್ನಡ ಅನುವಾದ ಓದುವ ಅಭ್ಯಾಸ ಇರುವವನು. "ಉಸ್ತಾದ್, ಅಲ್-ಬಕರದ 234ನೇ ಆಯತಿನಲ್ಲಿ ವಿಧವೆ ನಾಲ್ಕು ತಿಂಗಳು ಹತ್ತು ದಿನ ಕಾಯಬೇಕು ಅಂತ ಉಂಟು. ಆರು ಆಯತು ಮುಂದೆ ಹೋದ್ರೆ 240ರಲ್ಲಿ ಒಂದು ವರ್ಷ ಅಂತ ಉಂಟು. ನಂತರ ಬಂದದ್ದು ಹಿಂದಿನದ್ದನ್ನು ರದ್ದು ಮಾಡ್ತದೆ ಅಂತ ನೀವೇ ಹೇಳಿದ್ದಲ್ವಾ? ಹಾಗಾದ್ರೆ ಉಮ್ಮ ಒಂದು ವರ್ಷ ಕೂರಬೇಕಾ?" ಅಂತ ಕೇಳಿದ.

ಹುಡುಗ ಓದಿದ್ದು ಸರಿ, ಲೆಕ್ಕ ಹಾಕಿದ್ದು ತಪ್ಪು. ಆ ತಪ್ಪು ಎಲ್ಲಿ ಎಂದು ತಿಳಿದರೆ ನಸ್ಖ್ ಎಂಬ ವಿಷಯದ ಅರ್ಧ ಭಾಗ ತಿಳಿದಂತೆ.

ಮೊದಲು ನೀಡಿದ್ದ ಒಂದು ಹುಕುಮನ್ನು ನಂತರ ಬಂದ ಇನ್ನೊಂದು ಹುಕುಮಿನಿಂದ ಅಲ್ಲಾಹನು ಎತ್ತಿಹಾಕುವುದಕ್ಕೆ ನಸ್ಖ್ ಎನ್ನುತ್ತಾರೆ. ಹೊಸದು ನಾಸಿಖ್, ಹಳೆಯದು ಮನ್ಸೂಖ್. ಅಲ್-ಬಕರದ 106ನೇ ಆಯತು ಇದಕ್ಕೆ ಆಧಾರ. ಇಲ್ಲಿ 'ನಂತರ' ಎಂದರೆ ಅವತರಣದಲ್ಲಿ ನಂತರ, ಮುಸ್‌ಹಫಿನ ಪುಟದಲ್ಲಿ ನಂತರ ಅಲ್ಲ. ಆಯತುಗಳನ್ನು ಮುಸ್‌ಹಫಿನಲ್ಲಿ ಇಳಿದ ಕ್ರಮದಲ್ಲಿ ಜೋಡಿಸಿಲ್ಲ. 240ನೇ ಆಯತು ಮೊದಲು ಇಳಿದದ್ದು, 234 ನಂತರ ಇಳಿದದ್ದು ಎಂಬುದು ಬಹುಪಾಲು ಉಲಮಾಗಳ ನಿಲುವು. ಪುಟದಲ್ಲಿ ಮೊದಲು ಬರುವುದೇ ಇಲ್ಲಿ ನಾಸಿಖ್.

ಹುಡುಗನಿಗಿಂತ ಮೊದಲೇ ಈ ಪ್ರಶ್ನೆಯನ್ನು ಕೇಳಿದವರಿದ್ದಾರೆ. ಮುಸ್‌ಹಫ್‌ಗಳನ್ನು ಬರೆಸಿದ ಉಸ್ಮಾನ್ (ರ) ಅವರ ಬಳಿ ಅಬ್ದುಲ್ಲಾ ಇಬ್ನು ಝುಬೈರ್ (ರ) 240ನೇ ಆಯತಿನ ಬಗ್ಗೆ, ಅದನ್ನು ಇನ್ನೊಂದು ಆಯತು ರದ್ದು ಮಾಡಿದೆಯಲ್ಲ, ಮತ್ತೆ ಯಾಕೆ ಬರೆಸುತ್ತೀರಿ ಎಂದು ಕೇಳಿದರು. ಅದರ ಜಾಗದಿಂದ ಏನನ್ನೂ ತಾನು ಕದಲಿಸುವುದಿಲ್ಲ ಎಂಬರ್ಥದ ಉತ್ತರವನ್ನು ಉಸ್ಮಾನ್ (ರ) ಕೊಟ್ಟರು. ಇದು ಬುಖಾರಿಯಲ್ಲಿ ಉಂಟು. ಹುಕುಮ್ ಎದ್ದುಹೋದರೂ ಆಯತು ಕುರ್‌ಆನಿನ ಭಾಗವೇ. ಅದನ್ನು ಓದಿದರೆ ಪ್ರತಿಫಲವೂ ಉಂಟು.

ಹಾಗಾದರೆ ಯಾವುದು ಮೊದಲು ಇಳಿಯಿತು ಎಂದು ತಿಳಿಯುವುದು ಹೇಗೆ? ಅಂದಾಜಿನಿಂದ ಅಲ್ಲ, ವರದಿಯಿಂದ. ಕೆಲವೊಮ್ಮೆ ಆಯತೇ ಹೇಳುತ್ತದೆ. ಪ್ರವಾದಿ (ಸ) ಅವರೊಡನೆ ಖಾಸಗಿಯಾಗಿ ಮಾತಾಡುವ ಮೊದಲು ಸದಕ ಕೊಡಬೇಕೆಂಬ ಅಲ್-ಮುಜಾದಲದ 12ನೇ ಆಯತಿನ ಹುಕುಮನ್ನು ಅದರ ಮರು ಆಯತೇ ಸಡಿಲಿಸುತ್ತದೆ. ಉಳಿದ ಕಡೆ ಪ್ರವಾದಿ (ಸ) ಅವರ ಮಾತು, ಇದು ಮೊದಲು ಅದು ನಂತರ ಎಂಬ ಸಹಾಬಿಗಳ ಸಾಕ್ಷ್ಯ ಅಥವಾ ಉಮ್ಮತ್ತಿನ ಇಜ್ಮಾಅ್ ಬೇಕು.

ವಿಧವೆಯ ವಿಷಯದಲ್ಲಿ ಅಂಥ ಸಾಕ್ಷ್ಯ ಉಂಟು. ಗಂಡ ತೀರಿಹೋದ ತನ್ನ ಮಗಳಿಗೆ ಕಣ್ಣುನೋವು, ಸುರ್ಮ ಹಚ್ಚಬಹುದೇ ಎಂದು ಒಬ್ಬ ತಾಯಿ ಪ್ರವಾದಿ (ಸ) ಅವರಲ್ಲಿ ಕೇಳಿದರು. ಪ್ರವಾದಿ (ಸ) ಅನುಮತಿಸಲಿಲ್ಲ. ಈಗ ಇರುವುದು ನಾಲ್ಕು ತಿಂಗಳು ಹತ್ತು ದಿನ ಮಾತ್ರ ಎಂದು ತಿಳಿಸಿ, ಜಾಹಿಲಿಯ್ಯ ಕಾಲದ ಒಂದು ವರ್ಷವನ್ನು ನೆನಪಿಸಿದರು. ಆಗ ವಿಧವೆ ಹಳೆ ಬಟ್ಟೆಯಲ್ಲಿ ಇಕ್ಕಟ್ಟಾದ ಕೋಣೆಯೊಳಗೆ ವರ್ಷವಿಡೀ ಕೂರಬೇಕಿತ್ತು. ಮದೀನದಲ್ಲಿ ಕೊನೆಗೆ ನಿಂತ ಅವಧಿ ಯಾವುದು ಎಂದು ಈ ಹದೀಸಿನಿಂದ ತಿಳಿಯುತ್ತದೆ.

ಆದರೆ ಕಾಲ ತಿಳಿದರೆ ಮಾತ್ರ ಸಾಲದು. ಎರಡೂ ಆಯತುಗಳನ್ನು ಒಟ್ಟಿಗೆ ಪಾಲಿಸಲು ಸಾಧ್ಯವೇ ಇಲ್ಲ ಎಂದಾಗಬೇಕು. ಸಾಧ್ಯ ಉಂಟಾದರೆ ನಸ್ಖ್ ಎನ್ನುವಂತಿಲ್ಲ. ಇದೇ ಕಾರಣಕ್ಕೆ ತಾಬಿಈ ಪಂಡಿತ ಮುಜಾಹಿದ್ (ರ) ಇಲ್ಲಿ ಬೇರೆ ದಾರಿ ಹಿಡಿದರು. 240ನೇ ಆಯತಿನಲ್ಲಿರುವುದು ಗಂಡನ ಕಡೆಯಿಂದ ಒಂದು ವರ್ಷದ ಖರ್ಚು ಮತ್ತು ವಾಸದ ವಸಿಯ್ಯತ್. ಅವಳಾಗಿ ಹೊರಟರೆ ದೋಷವಿಲ್ಲ ಎಂದೂ ಅದೇ ಆಯತಿನಲ್ಲಿದೆ. ಆದ್ದರಿಂದ ನಾಲ್ಕು ತಿಂಗಳು ಹತ್ತು ದಿನ ಕಡ್ಡಾಯ, ಉಳಿದ ಏಳು ತಿಂಗಳು ಇಪ್ಪತ್ತು ದಿನ ಅವಳ ಆಯ್ಕೆ ಎಂದರು ಅವರು. ಈ ಮಾತೂ ಬುಖಾರಿಯಲ್ಲೇ ಉಂಟು.

ಬಹುಪಾಲು ಉಲಮಾಗಳು ಇದನ್ನು ಒಪ್ಪಲಿಲ್ಲ. ಅನ್ನಿಸಾಅ್‌ನ 12ನೇ ಆಯತು ಇಳಿದ ಮೇಲೆ ಪತ್ನಿ ಗಂಡನ ಆಸ್ತಿಯಲ್ಲಿ ವಾರಸುದಾರಳಾದಳು. ಮಕ್ಕಳಿಲ್ಲದಿದ್ದರೆ ನಾಲ್ಕನೇ ಒಂದು, ಇದ್ದರೆ ಎಂಟನೇ ಒಂದು ಪಾಲು. ಪಾಲು ನಿಗದಿಯಾದ ವಾರಸುದಾರರಿಗೆ ವಸಿಯ್ಯತ್ ಇಲ್ಲವೆಂದು ಪ್ರವಾದಿ (ಸ) ಹೇಳಿದ್ದಾರೆ. ನಮ್ಮ ಇಮಾಮ್ ಶಾಫಿಈ (ರ) ತಮ್ಮ 'ರಿಸಾಲ'ದಲ್ಲಿ ವಿಧವೆಯ ಈ ವಸಿಯ್ಯತ್ತಿನ ವಿಷಯವನ್ನು ಮೀರಾಸಿನ ಆಯತುಗಳ ಜೊತೆ ಇಟ್ಟೇ ಚರ್ಚಿಸುತ್ತಾರೆ.

ಈಗ ಇನ್ನೊಂದು ಆಯತನ್ನು ನೋಡುವ. ಅತ್ತಲಾಕ್ ಸೂರಃದ 4ನೇ ಆಯತಿನಲ್ಲಿ ಗರ್ಭಿಣಿಯ ಇದ್ದಃ ಹೆರಿಗೆಯವರೆಗೆ ಎಂದಿದೆ. ಗಂಡ ತೀರಿಹೋದಾಗ ಹೆಂಡತಿ ತುಂಬು ಗರ್ಭಿಣಿಯಾಗಿದ್ದರೆ? ಸುಬೈಅ (ರ) ಎಂಬ ಸಹಾಬಿ ಮಹಿಳೆಗೆ ಹಾಗೆಯೇ ಆಯಿತು. ಗಂಡನ ಮರಣದ ಸ್ವಲ್ಪ ದಿನಗಳಲ್ಲೇ ಹೆರಿಗೆಯಾಯಿತು. ನಾಲ್ಕು ತಿಂಗಳು ಹತ್ತು ದಿನ ಆಗಿಲ್ಲವಲ್ಲ ಎಂದು ಒಬ್ಬರು ಆಕ್ಷೇಪಿಸಿದಾಗ ಆಕೆ ಪ್ರವಾದಿ (ಸ) ಅವರಲ್ಲಿ ಕೇಳಿದರು. ಇದ್ದಃ ಮುಗಿದಿದೆ ಎಂದು ತೀರ್ಪು ಬಂತು. ಇಲ್ಲಿ 234ನೇ ಆಯತು ರದ್ದಾಗಲಿಲ್ಲ. ಗರ್ಭಿಣಿಯರು ಮಾತ್ರ ಅದರಿಂದ ಹೊರಗೆ ಬಂದರು, ಉಳಿದ ವಿಧವೆಯರಿಗೆ ಅದೇ ಹುಕುಮ್. ಇದಕ್ಕೆ ತಖ್ಸೀಸ್ ಎನ್ನುತ್ತಾರೆ.

ಮೊದಲ ತಲೆಮಾರಿನವರು ಇಂಥ ವಿನಾಯಿತಿಯನ್ನೂ ನಸ್ಖ್ ಎಂದೇ ಕರೆಯುತ್ತಿದ್ದರು. ಆದ್ದರಿಂದ ಹಳೆಯ ಪಟ್ಟಿಗಳಲ್ಲಿ ಮನ್ಸೂಖ್ ಆಯತುಗಳ ಸಂಖ್ಯೆ ನೂರು ದಾಟುತ್ತದೆ. ಪದವನ್ನು ಬಿಗಿಯಾಗಿ ಬಳಸಿದ ಇಮಾಮ್ ಸುಯೂತಿ (ರ) ಸುಮಾರು ಇಪ್ಪತ್ತಕ್ಕೆ ಇಳಿಸಿದರು. ದೆಹಲಿಯ ಶಾಹ್ ವಲಿಯುಲ್ಲಾಹ್ (ರ) ಅದರಲ್ಲೂ ಹೊಂದಿಸಬಹುದಾದ್ದನ್ನು ಹೊಂದಿಸಿ ಐದೇ ಉಳಿಸಿದರು. ಆ ಐದರಲ್ಲಿ 240ನೇ ಆಯತು ಒಂದು.

ತಾಳ್ಮೆ, ಕ್ಷಮೆಯ ನೂರಕ್ಕೂ ಹೆಚ್ಚು ಆಯತುಗಳನ್ನು ಅತ್ತೌಬದ 5ನೇ ಆಯತು ಅಳಿಸಿಹಾಕಿತು ಎಂದು ಕೆಲವರು ಬರೆದದ್ದುಂಟು. ಇಮಾಮ್ ಝರ್ಕಶಿ (ರ) ಅದನ್ನು ನಸ್ಖ್ ಎಂದು ಒಪ್ಪಲಿಲ್ಲ. ಪರಿಸ್ಥಿತಿ ಬದಲಾದಾಗ ಹುಕುಮ್ ಬದಲಾಗುತ್ತದೆ, ಹಳೆಯ ಪರಿಸ್ಥಿತಿ ಮರಳಿದರೆ ಹಳೆಯ ಹುಕುಮೂ ಮರಳುತ್ತದೆ ಎಂದರು. ಆದ್ದರಿಂದ ಯಾರಾದರೂ ಮೊಬೈಲ್ ಹಿಡಿದು "ಆ ಆಯತು ಮನ್ಸೂಖ್" ಎಂದರೆ ಎರಡು ಪ್ರಶ್ನೆ ಕೇಳಿ: ಯಾವುದು ಮೊದಲು ಇಳಿಯಿತು ಎಂಬುದಕ್ಕೆ ವರದಿ ಯಾವುದು? ಎರಡನ್ನೂ ಒಟ್ಟಿಗೆ ಪಾಲಿಸಲು ಯಾಕೆ ಆಗುವುದಿಲ್ಲ?

ಹುಡುಗನಿಗೆ ನಾವು ಹೇಳಿದ್ದು ಇಷ್ಟೇ: "ಉಮ್ಮನ ಇದ್ದಃ ನಾಲ್ಕು ತಿಂಗಳು ಹತ್ತು ದಿನ, ಚಂದ್ರಮಾನದ ಲೆಕ್ಕ. ಅಷ್ಟು ದಿನ ಆ ಮನೆಯಲ್ಲಿ ವಾಸಿಸುವುದು ನಮ್ಮ ಮದ್‌ಹಬಿನ ಪ್ರಬಲ ಅಭಿಪ್ರಾಯದಂತೆ ಅವರ ಹಕ್ಕು, ಯಾರೂ ಹೊರಡಿಸುವಂತಿಲ್ಲ. ನೀವು ಮಕ್ಕಳಿರುವುದರಿಂದ, ಸಾಲ ಮತ್ತು ವಸಿಯ್ಯತ್ ಕಳೆದು ಉಳಿದದ್ದರಲ್ಲಿ ಎಂಟನೇ ಒಂದು ಪಾಲು ಉಮ್ಮನದ್ದು." ಒಂದು ವರ್ಷದ ಹುಕುಮ್ ಎದ್ದುಹೋದದ್ದು ಆ ಪಾಲಿನ ಜೊತೆಗೆ. ವರ್ಷವನ್ನು ಮಾತ್ರ ತೆಗೆದು ಪಾಲನ್ನು ಕೊಡದ ಮನೆಗಳು ನಾಸಿಖನ್ನೂ ಪಾಲಿಸಿದ್ದಲ್ಲ, ಮನ್ಸೂಖನ್ನೂ ಪಾಲಿಸಿದ್ದಲ್ಲ.