‘ಎಷ್ಟು ದಿನ’ ಎಂದಷ್ಟೇ ಅಲ್ಲ, ‘ದಿನಕ್ಕೆ ಎಷ್ಟು’ ಎಂದೂ ಕೇಳೋಣ

ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಮಂಗಳೂರಿನ ಕೊಡಿಯಾಲ್‌ಬೈಲ್‌ನ ಅಂಗಡಿ, ಶೋರೂಂ, ಖಾಸಗಿ ಕಚೇರಿಗಳಿಗೆ ಕೆಲಸಕ್ಕೆ ಹೋಗುವವರು ನಮ್ಮ ಊರುಗಳಲ್ಲಿ ಬಹಳ ಮಂದಿ. ಅವರಲ್ಲೊಬ್ಬರು ಕೆಲಸ ಬಿಟ್ಟರೆ ಕೊನೆಗೆ ಕೈಗೆ ಬರುವುದು ಒಂದು ಸೆಟಲ್‌ಮೆಂಟ್ ಚೀಟಿ. ಅದರಲ್ಲಿ ‘ರಜೆ ನಗದು’ ಎಂಬ ಒಂದು ಸಾಲು, ಮುಂದೆ ಒಂದು ಮೊತ್ತ. ಆ ಮೊತ್ತ ಹೇಗೆ ಬಂತು ಎಂದು ಬರೆದಿರುವುದಿಲ್ಲ. ನಾವೂ ಕೇಳುವುದಿಲ್ಲ. ಕೇಳಲೇಬೇಕು ಎನ್ನುವುದು ನಮ್ಮ ವಾದ.

ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬರ ತಿಂಗಳ ಸಂಬಳ 18,200 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000, ಉಳಿದ ಭತ್ಯೆಗಳು 5,200. ಬಳಸದೆ ಉಳಿದ ಗಳಿಕೆ ರಜೆ 22 ದಿನ. ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು ಮಾತ್ರ ಹಿಡಿದು 30ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 433 ರೂಪಾಯಿ, 22 ದಿನಕ್ಕೆ 9,533. ಇಡೀ ಸಂಬಳವನ್ನು 26ರಿಂದ ಭಾಗಿಸಿದರೆ ದಿನಕ್ಕೆ 700, ಒಟ್ಟು 15,400. ಅದೇ ಮನುಷ್ಯ, ಅದೇ ರಜೆ. ವ್ಯತ್ಯಾಸ ಮಾತ್ರ 5,867 ರೂಪಾಯಿ. ರಜೆಯ ದಿನಗಳ ಬಗ್ಗೆ ಯಾರೂ ಜಗಳ ಮಾಡದಿದ್ದರೂ ಹಣ ಕಡಿಮೆಯಾಗುವುದು ಇಲ್ಲೇ.

ಹಾಗಾದರೆ ಯಾವುದು ಸರಿ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ರಜೆಯ ದಿನದ ವೇತನಕ್ಕೆ ಹಿಡಿಯುವುದು ಹಿಂದಿನ ತಿಂಗಳಲ್ಲಿ ನಿಜವಾಗಿ ಕೆಲಸ ಮಾಡಿದ ದಿನಗಳ ಸರಾಸರಿ ಗಳಿಕೆಯನ್ನು. ಓವರ್‌ಟೈಮ್ ಮತ್ತು ಬೋನಸ್ ಅದರಲ್ಲಿ ಸೇರುವುದಿಲ್ಲ, ತುಟ್ಟಿಭತ್ಯೆ ಸೇರುತ್ತದೆ. ವಾರದ ರಜೆ ಕಳೆದರೆ ತಿಂಗಳಲ್ಲಿ ಕೆಲಸದ ದಿನ ಸಾಮಾನ್ಯವಾಗಿ 26. ಗ್ರಾಚ್ಯುಟಿಯ ವಿಷಯದಲ್ಲಿ ಇದೇ ಪ್ರಶ್ನೆ ದಿಗ್ವಿಜಯ್ ಉಣ್ಣೆ ಗಿರಣಿ ಪ್ರಕರಣವಾಗಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ತಿಂಗಳ ಸಂಬಳ 26 ಕೆಲಸದ ದಿನಗಳ ದುಡಿಮೆಗೆ ಸಿಗುವುದು, ಆದ್ದರಿಂದ ದಿನದ ವೇತನಕ್ಕೆ 26ರಿಂದ ಭಾಗಿಸುವುದು ಸರಿ ಎಂದು ಕೋರ್ಟು 1980ರಲ್ಲಿ ಒಪ್ಪಿತು. ಆ ತೀರ್ಪು ಗ್ರಾಚ್ಯುಟಿಗೆ ಸಂಬಂಧಿಸಿದ್ದು ನಿಜ. ಆದರೆ ಅದರ ಹಿಂದಿನ ನ್ಯಾಯ ರಜೆಯ ಲೆಕ್ಕಕ್ಕೂ ಹೊಂದುತ್ತದೆ.

ಇನ್ನೊಂದು ಕಡೆ ಎಚ್ಚರ ಬೇಕು. ಕೊನೆಯ ತಿಂಗಳಲ್ಲಿ ಎರಡು ದಿನ ಸಂಬಳವಿಲ್ಲದ ರಜೆ ಹಾಕಿದ್ದರೆ ಬರುವ ಸಂಬಳ 16,800. ಅದನ್ನು ಕೆಲಸ ಮಾಡಿದ 24 ದಿನದಿಂದ ಭಾಗಿಸಿದರೆ ದಿನಕ್ಕೆ ಅದೇ 700. ಕಡಿಮೆಯಾದ ಸಂಬಳವನ್ನು ಮತ್ತೆ 26ರಿಂದ ಭಾಗಿಸಿದರೆ 646ಕ್ಕೆ ಇಳಿಯುತ್ತದೆ. ಒಂದೇ ರಜೆಗೆ ಎರಡು ಸಲ ಕಡಿತ ಮಾಡಿದ ಹಾಗೆ.

ದಿನಗಳ ಎಣಿಕೆಯನ್ನೂ ಕೇಳಬೇಕು. ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ ಗಳಿಕೆ ರಜೆ, ಮುಂದಿನ ವರ್ಷಕ್ಕೆ ಒಯ್ಯಲು 45 ದಿನದ ಮಿತಿ. ಕಳೆದ ವರ್ಷದಿಂದ ಬಂದದ್ದು 17, ಈ ವರ್ಷ 140 ದಿನ ದುಡಿದದ್ದಕ್ಕೆ 7, ಅದರಲ್ಲಿ ಬಳಸಿದ್ದು 2 ಎಂದಾದರೆ ಉಳಿದದ್ದು 22. ವರ್ಷದ ನಡುವೆ ಬಿಟ್ಟವರಿಗೆ ಆ 7 ದಿನವನ್ನು ಸೇರಿಸದೆ ಬಿಡುವುದು ಸುಲಭ, ಅದಕ್ಕೇ ನೆನಪಿಸಬೇಕು.

ಆದ್ದರಿಂದ ರಾಜೀನಾಮೆ ಒಪ್ಪಿದ ಮೇಲೆ ಬಾಯಿ ಮಾತಿನಲ್ಲಿ ಬಿಡದೆ ಪತ್ರವನ್ನೋ ಇ-ಮೇಲನ್ನೋ ಕೊಡಿ. ಇಷ್ಟು ಸಾಕು:

“ನಾನು ಇಂಥ ದಿನಾಂಕದಂದು ಕೆಲಸದಿಂದ ಬಿಡುಗಡೆಯಾಗಿದ್ದೇನೆ. ನನ್ನ ಲೆಕ್ಕದಲ್ಲಿ ಉಳಿದ ಗಳಿಕೆ ರಜೆ 22 ದಿನ. ಅದರ ನಗದು ಲೆಕ್ಕವನ್ನು ಬರಹದಲ್ಲಿ ಕೊಡಬೇಕಾಗಿ ಕೋರುತ್ತೇನೆ. ಯಾವ ತಿಂಗಳ ವೇತನ, ಅದರಲ್ಲಿ ಯಾವ ಯಾವ ಭತ್ಯೆ ಸೇರಿದೆ, ಎಷ್ಟರಿಂದ ಭಾಗಿಸಲಾಗಿದೆ ಎಂದು ತಿಳಿಸಿ, ಹಣವನ್ನು ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಿ.”

ನೋಟಿಸ್ ಅವಧಿ ಪೂರೈಸದ್ದಕ್ಕೆ ಕಡಿತವಿದ್ದರೆ ಅದು ಬೇರೆ ಸಾಲಿನಲ್ಲಿರಲಿ. ರಜೆಯ ಮೊತ್ತದೊಳಗೆ ಅದನ್ನು ಕರಗಿಸಿದರೆ ಯಾವುದು ಎಷ್ಟೆಂದು ತಿಳಿಯುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಸಿಗಬೇಕು. ‘ಮುಂದಿನ ತಿಂಗಳು ನೋಡುವ’ ಎಂಬ ಉತ್ತರ ಬಂದರೆ ಪತ್ರದ ಪ್ರತಿ, ಸಂಬಳದ ಚೀಟಿ, ಹಾಜರಿ ದಾಖಲೆ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬಹುದು.

ಈ ಕಾಯ್ದೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಸರ್ಕಾರಿ ಕಚೇರಿಯವರಿಗೆ ಬೇರೆ ನಿಯಮವಿದೆ. ಮ್ಯಾನೇಜರ್ ಹುದ್ದೆಯವರು ನೇಮಕಾತಿ ಪತ್ರವನ್ನೇ ನೋಡಬೇಕು. ಉಳಿದವರ ನೇಮಕಾತಿ ಪತ್ರದಲ್ಲಿ ಕಾಯ್ದೆಗಿಂತ ಹೆಚ್ಚು ಬರೆದಿದ್ದರೆ ಅದನ್ನೇ ಕೇಳಿ.

ಮಾಲೀಕರಿಗೂ ನಮ್ಮದೊಂದು ಮಾತಿದೆ. ಸೆಟಲ್‌ಮೆಂಟ್ ಚೀಟಿಯಲ್ಲಿ ‘700 × 22 = 15,400’ ಎಂದು ಬರೆಯಲು ಅರ್ಧ ಸಾಲು ಸಾಕು. ಸರಿಯಾಗಿ ಲೆಕ್ಕ ಹಾಕಿದವರಿಗೆ ಅದನ್ನು ಬರೆದು ತೋರಿಸಲು ಕಷ್ಟವೇನೂ ಇಲ್ಲ.