ಒಂದು ರಜೆ ಅರ್ಜಿಯ ತಿದ್ದುಪಡಿ

ನಾನು ಕೆಲಸ ಮಾಡುವ ಶಾಲೆಯಲ್ಲಿ 2024ರ ನವೆಂಬರ್ 19, ಮಂಗಳವಾರದಂದು, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಡಿಸಿದ ಕಾಗದವೊಂದನ್ನು ನನ್ನ ಕೈಗಿತ್ತು, “ಗುರುಗಳೇ, ಪ್ರಾಂಶುಪಾಲರಿಗೆ ಕೊಡುವ ಮೊದಲು ಇದನ್ನೊಮ್ಮೆ ನೋಡುವಿರಾ?” ಎಂದು ಕೇಳಿದಳು. ಅದೊಂದು ರಜೆಯ ಅರ್ಜಿ. ಅದರಲ್ಲಿ ಹೀಗೆ ಬರೆದಿತ್ತು:

“ಪೂಜ್ಯ ಶ್ರೀಮಾನ್ ಘನವೆತ್ತ ಪ್ರಾಂಶುಪಾಲ ರವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ನಿಮಗೆ ತಿಳಿಸುವುದೇನೆಂದರೆ ನನಗೆ ಜ್ವರ ಬಂದಿರುವುದರಿಂದ ನಾಳೆಯಿಂದ ಮೂರು ದಿನ ಶಾಲೆಗೆ ಬರುವುದಿಲ್ಲ. ಆದ್ದರಿಂದ ತಾವು ದಯಮಾಡಿ ರಜೆ ಕೊಡು ಎಂದು ಬೇಡಿಕೊಳ್ಳುತ್ತೇನೆ. ಇಂತಿ ನಿಮ್ಮ ಪ್ರೀತಿಯ ವಿದ್ಯಾರ್ಥಿನಿ.”

ಇದನ್ನು ಓದಿ ನಗುವುದು ಸುಲಭ. ಆದರೆ ಬರೆದವಳ ಮನಸ್ಸಿನಲ್ಲಿ ಅವಿನಯದ ಲೇಶವೂ ಇರಲಿಲ್ಲ. ತನಗೆ ಗೊತ್ತಿದ್ದ ಗೌರವದ ಮಾತುಗಳನ್ನೆಲ್ಲ ಅವಳು ಮೊದಲ ಸಾಲಿನಲ್ಲಿಯೇ ಸುರಿದಿದ್ದಳು. ಹಾಗಿದ್ದರೂ ಪತ್ರ ಏಕೆ ಕೆಟ್ಟಿತು? ಗೌರವವೆಂಬುದು ಪತ್ರದ ತಲೆಯ ಮೇಲೆ ಇಡುವ ಕಿರೀಟವಲ್ಲ, ಅದು ಕೊನೆಯ ಕ್ರಿಯಾಪದದವರೆಗೂ ಹರಿಯಬೇಕಾದದ್ದು ಎಂಬುದು ನನ್ನ ಅಭಿಪ್ರಾಯ. ಅವಳೂ ನಾನೂ ಕುಳಿತು ಆ ಪತ್ರವನ್ನು ತಿದ್ದಿದ ಬಗೆಯನ್ನು ಹೇಳಿದರೆ ಈ ಮಾತು ತಾನಾಗಿಯೇ ಸ್ಪಷ್ಟವಾದೀತು.

ಮೊದಲು ‘ರವರ’ ಎಂಬುದನ್ನು ನೋಡೋಣ. ‘ಪ್ರಾಂಶುಪಾಲರು’ ಎಂಬ ಪದಕ್ಕೆ ‘ಅವರು’ ಸೇರಿದಾಗ ಲೋಪಸಂಧಿಯಾಗಿ ‘ಪ್ರಾಂಶುಪಾಲರವರು’ ಎಂದಾಗುತ್ತದೆ. ಇಲ್ಲಿರುವ ‘ರ’ಕಾರವು ಹಿಂದಿನ ಪದದ ಸೊತ್ತು. ಅದನ್ನು ಅಲ್ಲಿಂದ ಕಿತ್ತು ‘ರವರು’ ಎಂಬ ಬೇರೆಯೇ ಪದವಿದೆಯೆಂದು ಭ್ರಮಿಸಿದ್ದರಿಂದ ‘ಪ್ರಾಂಶುಪಾಲ ರವರು’, ‘ತಂದೆ ರವರು’ ಎಂಬ ರೂಪಗಳು ಬಳಕೆಗೆ ಬಂದಿವೆ. ‘ತಂದೆ’ಗೆ ‘ಅವರು’ ಸೇರಿದರೆ ಯಕಾರಾಗಮವಾಗಿ ‘ತಂದೆಯವರು’ ಎಂದಾಗಬೇಕು. ಪ್ರಾಂಶುಪಾಲರ ವಿಷಯದಲ್ಲಿ ‘ಪ್ರಾಂಶುಪಾಲರಿಗೆ’ ಎಂದರೆ ಸಾಕು. ‘ರು’ ಎಂಬ ಬಹುವಚನದಲ್ಲಿಯೇ ಗೌರವ ಅಡಗಿದೆ. ‘ಪೂಜ್ಯ’, ‘ಶ್ರೀಮಾನ್’, ‘ಘನವೆತ್ತ’ ಎಂಬ ಮೂರನ್ನೂ ತೆಗೆದು ‘ಮಾನ್ಯರೇ’ ಎಂಬ ಒಂದೇ ಸಂಬೋಧನೆಯನ್ನು ಉಳಿಸಿದೆವು. ಸಾಷ್ಟಾಂಗ ನಮಸ್ಕಾರ ಮನೆಯ ಹಿರಿಯರಿಗೆ ಬರೆಯುವ ಕಾಗದಕ್ಕೆ ಒಪ್ಪುತ್ತದೆ. ಕಚೇರಿಯ ಅರ್ಜಿಗೆ ಒಪ್ಪುವುದಿಲ್ಲ. ಅದೇ ಕಾರಣದಿಂದ ಕೊನೆಯಲ್ಲಿದ್ದ ‘ಪ್ರೀತಿಯ’ ಎಂಬುದೂ ಹೋಯಿತು. ಗೆಳತಿಗೆ ಬರೆಯುವಾಗ ಅದು ಸೊಗಸು. ಅರ್ಜಿಯಲ್ಲಿ ‘ತಮ್ಮ ವಿಧೇಯ ವಿದ್ಯಾರ್ಥಿನಿ’ ಎಂಬುದೇ ರೂಢಿ.

ಇದಕ್ಕಿಂತ ದೊಡ್ಡ ತೊಡಕು ಸರ್ವನಾಮಗಳದು. ಈ ಚಿಕ್ಕ ಪತ್ರದಲ್ಲಿ ಪ್ರಾಂಶುಪಾಲರು ಮೊದಲು ‘ನೀವು’ ಆಗಿ, ಆಮೇಲೆ ‘ತಾವು’ ಆಗಿ, ‘ರಜೆ ಕೊಡು’ ಎಂಬಲ್ಲಿಗೆ ಬರುವಷ್ಟರಲ್ಲಿ ‘ನೀನು’ ಆಗಿಬಿಟ್ಟಿದ್ದಾರೆ. ‘ಕೊಡು’ ಎಂದು ಯಾರೂ ಬೇಕೆಂದು ಬರೆಯುವುದಿಲ್ಲ. ಕನ್ನಡ ವಾಕ್ಯದ ರಚನೆಯೇ ಇಲ್ಲಿ ಮಕ್ಕಳನ್ನು ಮೋಸಗೊಳಿಸುತ್ತದೆ. ‘ಎಂದು’ ಎಂಬ ಪದದ ಹಿಂದೆ ಬರುವುದು ನಾವು ಎದುರಿಗಿರುವವರಿಗೆ ನೇರವಾಗಿ ಆಡುವ ಮಾತು. ಮುಂದೆ ‘ಬೇಡಿಕೊಳ್ಳುತ್ತೇನೆ’ ಎಂಬ ವಿನಯದ ಪದ ಬರುವುದಲ್ಲ ಎಂಬ ಧೈರ್ಯದಿಂದ ‘ಎಂದು’ವಿನ ಹಿಂದಿನ ಕ್ರಿಯಾಪದವನ್ನು ನಾವು ಅಲಕ್ಷಿಸುತ್ತೇವೆ. ಪ್ರಾಂಶುಪಾಲರ ಎದುರು ನಿಂತು “ರಜೆ ಕೊಡು” ಎನ್ನುವೆವೇ? ಇಲ್ಲವಷ್ಟೆ. ಹಾಗಾದರೆ ‘ಎಂದು’ವಿನ ಹಿಂದೆಯೂ ಅದು ಬರಕೂಡದು. “ತಾವು ರಜೆ ನೀಡಬೇಕೆಂದು ಕೋರುತ್ತೇನೆ” ಎಂದರೆ ಗೌರವ ಒಳಗೂ ಹೊರಗೂ ಒಂದೇ ಸಮನಾಗಿರುತ್ತದೆ. ‘ಬೇಡಿಕೊಳ್ಳುತ್ತೇನೆ’ಯ ಬದಲು ‘ಕೋರುತ್ತೇನೆ’ ಎಂದು ಬರೆದದ್ದಕ್ಕೂ ಕಾರಣವಿದೆ. ತಕ್ಕ ಕಾರಣವಿದ್ದು ರಜೆ ಕೇಳುವವರು ಭಿಕ್ಷೆ ಬೇಡುತ್ತಿಲ್ಲ. ಹಾಗೆಯೇ ‘ಶಾಲೆಗೆ ಬರುವುದಿಲ್ಲ’ ಎಂದು ಮೊದಲೇ ತೀರ್ಮಾನ ಹೇಳಿ ಅನಂತರ ರಜೆ ಕೇಳುವುದೂ ಸಲ್ಲದು. ‘ಬರಲು ಸಾಧ್ಯವಾಗುವುದಿಲ್ಲ’ ಎಂದರೆ ಅದು ನಿರ್ಧಾರವಾಗದೆ ನಿವೇದನೆಯಾಗುತ್ತದೆ.

ಇಷ್ಟಾದ ಮೇಲೆ ನನಗೊಂದು ಸಂದೇಹ ಉಳಿಯಿತು. ನನ್ನೆದುರು ನಿಂತಿದ್ದ ಹುಡುಗಿ ಆರೋಗ್ಯವಾಗಿದ್ದಳು. ನಾಳೆಯಿಂದ ಸರಿಯಾಗಿ ಮೂರು ದಿನ ಜ್ವರವಿರುವುದೆಂದು ಇಂದೇ ತಿಳಿಯುವುದು ಹೇಗೆ? ಕೇಳಿದಾಗ ಅವಳು ತಲೆ ತಗ್ಗಿಸಿದಳು. ತಾಯಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮರುದಿನ ಶಸ್ತ್ರಚಿಕಿತ್ಸೆ. ತಂದೆ ಅಲ್ಲಿ ಜೊತೆಗಿರಬೇಕು. ಮನೆಯಲ್ಲಿ ನಾಲ್ಕು ವರ್ಷದ ತಮ್ಮನನ್ನು ನೋಡಿಕೊಳ್ಳಲು ಇವಳ ಹೊರತು ಬೇರೆ ಯಾರೂ ಇಲ್ಲ. “ಹಾಗೆಂದೇ ಏಕೆ ಬರೆಯಲಿಲ್ಲ?” ಎಂದೆ. “ಮಾದರಿ ಪತ್ರದಲ್ಲಿ ಜ್ವರ ಎಂದೇ ಇದೆ, ಗುರುಗಳೇ. ಮನೆಯ ವಿಷಯ ಬರೆದರೆ ಮರ್ಯಾದೆಯಾಗುವುದೋ ಇಲ್ಲವೋ ಎಂದು ಹೆದರಿದೆ” ಎಂದಳು.

ಈ ಉತ್ತರ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಮಾದರಿ ಪತ್ರವು ಮಕ್ಕಳಿಗೆ ರೂಪವನ್ನು ಕಲಿಸಲೆಂದು ಇರುವುದು. ನಾವು ಅದನ್ನು ಬಾಯಿಪಾಠ ಮಾಡಿಸಿ, ರೂಪದೊಂದಿಗೆ ಕಾರಣವನ್ನೂ ಕಲಿಸಿಬಿಟ್ಟಿದ್ದೇವೆ. ಸುಳ್ಳು ಹೇಳುವ ಇಚ್ಛೆಯೇ ಇಲ್ಲದ ಹುಡುಗಿ, ಸುಳ್ಳೇ ಶಿಷ್ಟಾಚಾರವೆಂದು ತಿಳಿದು ಅದನ್ನು ಬರೆದಿದ್ದಳು. ನಾನು ಅವಳಿಗೆ ಬೇರೊಂದು ಹಾಳೆ ಕೊಟ್ಟು ನಿಜವನ್ನೇ ಬರೆಯಲು ಹೇಳಿದೆ.

ಎರಡನೆಯ ಪ್ರತಿಯಲ್ಲಿ ಹೊಸ ತೊಡಕುಗಳು ಕಾಣಿಸಿದವು. “ತಾಯಿ ಆಸ್ಪತ್ರೆಯಲ್ಲಿ ಇದ್ದಾಳೆ. ತಮ್ಮ ಮನೆಯಲ್ಲಿ ಒಬ್ಬನೇ” ಎಂದು ಬರೆದಳು. ಮನೆಯೊಳಗೆ ತಾಯಿಯನ್ನು ಏಕವಚನದಲ್ಲಿ ಕರೆಯುವುದು ಸಲಿಗೆಯ ಸೊಗಸು. ಆದರೆ ಹೊರಗಿನವರಿಗೆ ಬರೆಯುವಾಗ ನಮ್ಮ ಹಿರಿಯರಿಗೂ ಬಹುವಚನ ಸಲ್ಲಬೇಕು: ‘ತಾಯಿಯವರು ಇದ್ದಾರೆ’. ಕಿರಿಯನಿಗೆ ಏಕವಚನವೇ ಸರಿ. ಇನ್ನು ‘ತಮ್ಮ ಮನೆಯಲ್ಲಿ’ ಎಂಬುದನ್ನು ಓದಿದ ಪ್ರಾಂಶುಪಾಲರು, ಇದು ಯಾರ ಮನೆಯೆಂದು ಕ್ಷಣಕಾಲ ಬೆರಗಾಗದಿರುವರೇ? ‘ತಮ್ಮ’ ಎಂದರೆ ಒಡಹುಟ್ಟಿದವನೂ ಹೌದು, ‘ತಾವು’ ಎಂಬ ಸರ್ವನಾಮದ ಷಷ್ಠಿಯೂ ಹೌದು. ಗೌರವಕ್ಕಾಗಿ ‘ತಾವು’ ಬಳಸಿದ ಪತ್ರದಲ್ಲಿ ಸೋದರನನ್ನು ‘ನನ್ನ ತಮ್ಮ’ ಎಂದೇ ಬರೆಯಬೇಕು.

‘ನಾಳೆಯಿಂದ’ ಎಂಬುದನ್ನೂ ತೆಗೆದೆವು. ಬಾಯಿಮಾತಿನಲ್ಲಿ ನಾಳೆ ಎಂದರೆ ನಾಳೆಯೇ. ಆದರೆ ಪತ್ರವನ್ನು ಬುಧವಾರ ಒಡೆದು ಓದಿದರೆ ‘ನಾಳೆ’ ಗುರುವಾರವಾಗಿಬಿಡುತ್ತದೆ; ಬುಧವಾರದ ಹಾಜರಿಯಲ್ಲಿ ಅವಳು ಕಾರಣವಿಲ್ಲದೆ ಗೈರುಹಾಜರಾದವಳಾಗುತ್ತಾಳೆ. ಪತ್ರದಲ್ಲಿ ದಿನವು ದಿನಾಂಕವಾಗಿಯೇ ಇರಬೇಕು. ಇಷ್ಟೆಲ್ಲ ತಿದ್ದಿದ ಮೇಲೆ ಅರ್ಜಿ ಈ ರೂಪ ತಾಳಿತು. ಹೆಸರುಗಳನ್ನು ಮಾತ್ರ ಇಲ್ಲಿ ಬಿಟ್ಟಿದ್ದೇನೆ.

ಸ್ಥಳ: ………
ದಿನಾಂಕ: 19-11-2024

ಇಂದ,
………
ಒಂಬತ್ತನೆಯ ತರಗತಿ, ‘ಬಿ’ ವಿಭಾಗ
ಹಾಜರಿ ಸಂಖ್ಯೆ 23

ಗೆ,
ಪ್ರಾಂಶುಪಾಲರು,
(ಶಾಲೆಯ ಹೆಸರು ಮತ್ತು ಊರು)

ಮಾನ್ಯರೇ,

ವಿಷಯ: ಮೂರು ದಿನಗಳ ರಜೆ ಕೋರಿ.

ನನ್ನ ತಾಯಿಯವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ನಾಳೆ, 20-11-2024ರಂದು, ಶಸ್ತ್ರಚಿಕಿತ್ಸೆ ನಡೆಯಲಿದೆ. ತಂದೆಯವರು ಅವರ ಜೊತೆಯಲ್ಲಿರಬೇಕಾಗಿದೆ. ಮನೆಯಲ್ಲಿ ನಾಲ್ಕು ವರ್ಷದ ನನ್ನ ತಮ್ಮನನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿರುವುದರಿಂದ ನನಗೆ ಶಾಲೆಗೆ ಬರಲು ಸಾಧ್ಯವಾಗುವುದಿಲ್ಲ. ಆದ್ದರಿಂದ 20-11-2024ರಿಂದ 22-11-2024ರವರೆಗೆ ಮೂರು ದಿನಗಳ ರಜೆಯನ್ನು ತಾವು ನೀಡಬೇಕೆಂದು ಕೋರುತ್ತೇನೆ. 23-11-2024ರ ಶನಿವಾರ ತರಗತಿಗೆ ಹಾಜರಾಗುತ್ತೇನೆ.

ಶುಕ್ರವಾರ ನಡೆಯುವ ಗಣಿತದ ಕಿರುಪರೀಕ್ಷೆಯನ್ನು ಬೇರೊಂದು ದಿನ ಬರೆಯಲು ಅವಕಾಶ ಮಾಡಿಕೊಡಬೇಕೆಂದೂ ವಿನಂತಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಧೇಯ ವಿದ್ಯಾರ್ಥಿನಿ,
(ಸಹಿ)

ಪೋಷಕರ ಸಹಿ: ………

ಈ ವಿನ್ಯಾಸ ಕೇವಲ ಅಲಂಕಾರವಲ್ಲ. ಪ್ರಾಂಶುಪಾಲರ ಮೇಜಿನ ಮೇಲೆ ಒಂದೇ ಬೆಳಗಿನಲ್ಲಿ ಹತ್ತಾರು ಕಾಗದಗಳು ಬಂದು ಬೀಳುತ್ತವೆ. ‘ವಿಷಯ’ದ ಸಾಲನ್ನು ನೋಡಿದೊಡನೆ ಇದು ಏತಕ್ಕೆ ಸಂಬಂಧಿಸಿದ್ದೆಂದು ಅವರಿಗೆ ತಿಳಿಯುತ್ತದೆ. ಅವರು ಒಪ್ಪಿಗೆ ಬರೆದ ಮೇಲೆ ಪತ್ರವು ತರಗತಿಯ ಅಧ್ಯಾಪಕರಿಗೆ ಹೋಗುತ್ತದೆ; ಹಾಜರಿ ಪುಸ್ತಕದಲ್ಲಿ ಗುರುತು ಮಾಡಲು ಅವರಿಗೆ ವಿಭಾಗವೂ ಹಾಜರಿ ಸಂಖ್ಯೆಯೂ ಬೇಕು. ಪೋಷಕರ ಸಹಿಯಿದ್ದರೆ ಮನೆಯವರಿಗೂ ಈ ವಿಷಯ ಗೊತ್ತಿದೆಯೆಂಬುದಕ್ಕೆ ಆಧಾರವಾಗುತ್ತದೆ. ಕೆಲವರು ‘ವಿಷಯ’ವನ್ನು ಸಂಬೋಧನೆಯ ಮೊದಲು ಬರೆಯುತ್ತಾರೆ, ದಿನಾಂಕವನ್ನು ಪತ್ರದ ಕೊನೆಯಲ್ಲಿ ಹಾಕುತ್ತಾರೆ, ಅದೂ ತಪ್ಪಲ್ಲ. ಅವು ಎಲ್ಲಿಯೂ ಇಲ್ಲದಿರುವುದು ಮಾತ್ರ ತಪ್ಪು. ಓದುವವರು ತಡಕಾಡದಂತೆ, ಅವರಿಗೆ ಬೇಕಾದುದನ್ನು ಅವರು ಹುಡುಕುವ ಜಾಗದಲ್ಲಿ ಇಡುವುದು ನಾವು ತೋರಿಸಬಹುದಾದ ಒಂದು ದೊಡ್ಡ ಗೌರವ.

‘ವಿಧೇಯ’, ‘ಕೋರುತ್ತೇನೆ’ ಎಂಬಂಥ ಪದಗಳು ಹಳೆಯ ಕಾಲದ ದಾಸ್ಯದ ಗುರುತುಗಳು, ವಿಷಯ ತಿಳಿದರೆ ಸಾಲದೇ ಎಂದು ವಾದಿಸುವವರಿದ್ದಾರೆ. ಪಾದಗಳಿಗೆ ಅಡ್ಡಬೀಳುವ ಭಾಷೆಯ ಬಗ್ಗೆ ಈ ಆಕ್ಷೇಪ ನ್ಯಾಯವಾದುದೇ. ಅದನ್ನು ನಾವೂ ತೆಗೆದುಹಾಕಿದೆವು. ಆದರೆ ಕನ್ನಡದಲ್ಲಿ ಎದುರಿಗಿರುವವರನ್ನು ನೀನೆಂದೋ ನೀವೆಂದೋ ತಾವೆಂದೋ ಕರೆಯದೆ ಬರೆಯುವುದು ಕಷ್ಟ. ನಮ್ಮ ಭಾಷೆ ನಮ್ಮಿಂದ ಒಂದು ಆಯ್ಕೆಯನ್ನು ಕೇಳಿಯೇ ಕೇಳುತ್ತದೆ. ಒಮ್ಮೆ ಆರಿಸಿಕೊಂಡ ಮೇಲೆ ಕೊನೆಯವರೆಗೆ ಅದಕ್ಕೆ ನಿಷ್ಠರಾಗಿರುವುದು ದಾಸ್ಯವಲ್ಲ.

ಆ ಅರ್ಜಿ ಅಂದೇ ಮಧ್ಯಾಹ್ನ ಪ್ರಾಂಶುಪಾಲರ ಕೈ ಸೇರಿತು. ಅವರು ಅದರ ಅಂಚಿನಲ್ಲಿ ಎರಡು ಸಾಲು ಬರೆದರು: ರಜೆ ನೀಡಲಾಗಿದೆ, ಕಿರುಪರೀಕ್ಷೆಯನ್ನು ಸೋಮವಾರ ತೆಗೆದುಕೊಳ್ಳುವುದು. ಹೊರಡುವ ಮುನ್ನ ಹುಡುಗಿಯನ್ನು ಕರೆದು, ತಾಯಿ ಯಾವ ವಾರ್ಡಿನಲ್ಲಿರುವರೆಂದು ವಿಚಾರಿಸಿದರು. ಜ್ವರದ ಪತ್ರ ಹೋಗಿದ್ದರೂ ಮೂರು ದಿನದ ರಜೆ ದೊರೆಯುತ್ತಿತ್ತೇನೋ. ಆದರೆ ಆ ಸೋಮವಾರ ದೊರೆಯುತ್ತಿರಲಿಲ್ಲ, ಆ ಪ್ರಶ್ನೆಯೂ ಬರುತ್ತಿರಲಿಲ್ಲ.